ನೂರು ರೂಪಾಯಿ ಆಯೇರಿಯಲ್ಲಿ ಕೈಗೆ ಬರುವುದೆಷ್ಟು? ಸೂಪರ್ ಚಾಟ್, ಸದಸ್ಯತ್ವ, ಗಿಫ್ಟ್, ಕ್ಯೂಆರ್: ಯಾವುದು ಯಾರಿಗೆ

ದೊಡ್ಡಾಟ ಕಲಿಸುವ ಮಾಸ್ತರರೊಬ್ಬರ ಯೂಟ್ಯೂಬ್ ಚಾನೆಲ್ಲಿನ ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಮೊದಲ ಸಲ ಲೈವ್‌ನಲ್ಲಿ ಸೂಪರ್ ಚಾಟ್ ಬಂದ ತಿಂಗಳ ಕೊನೆಗೆ ಅವರು ನನ್ನ ಮುಂದೆ ಕೂತು ಕೇಳಿದ್ದು ಒಂದೇ ಪ್ರಶ್ನೆ. "ತಮ್ಮಾ, ಮಂದಿ ಕೊಟ್ಟಿದ್ದು ನೂರು ರೂಪಾಯಿ. ನನಗ ಬಂದದ್ದು ಐವತ್ತೊಂಬತ್ತು. ಉಳಿದದ್ದು ಯಾರ ಕಡೆ ಹೋತು?"

ಅವರ ಪ್ರಶ್ನೆಗೆ ಹಿನ್ನೆಲೆ ಇದೆ. ನಮ್ಮ ಕಡೆ ನಾಟಕ, ದೊಡ್ಡಾಟ, ಭಜನೆ ನಡೆಯುವಾಗ ಪಾತ್ರಧಾರಿಯ ಹಾಡೋ ಮಾತೋ ಮನಸ್ಸಿಗೆ ಹಿಡಿಸಿದರೆ ಮಂದಿ ಎದ್ದು ಬಂದು ಆಯೇರಿ ಮಾಡುತ್ತಾರೆ. ಕೊಟ್ಟವರ ಹೆಸರು, ಊರು, ಮೊತ್ತ ಮೈಕಿನಲ್ಲಿ ಕೂಗಲಾಗುತ್ತದೆ. ಕೊಟ್ಟ ಐವತ್ತು ಐವತ್ತಾಗಿಯೇ ಕಲಾವಿದನ ಕೈ ಸೇರುತ್ತದೆ. ಸೂಪರ್ ಚಾಟ್ ಎಂದರೆ ಅದೇ ಆಯೇರಿ, ಮೈಕಿನ ಬದಲು ಪರದೆಯ ಮೇಲೆ ಬಣ್ಣದ ಪಟ್ಟಿಯಲ್ಲಿ ಹೆಸರು ಬರುತ್ತದೆ ಎಂದು ನಾನೇ ಅವರಿಗೆ ವಿವರಿಸಿದ್ದೆ. ನಡುವೆ ಕೈಗಳಿವೆ ಎಂಬುದನ್ನು ಹೇಳಿರಲಿಲ್ಲ. ಹೇಳಬೇಕಿತ್ತು.

ಜಾಹೀರಾತಿನ ಹಣವನ್ನೊಂದೇ ನಂಬಿ ಕೂರಲಾಗದ ಕನ್ನಡದ ಸಣ್ಣ ಚಾನೆಲ್‌ಗಳಿಗೆ ಈಗ ದಾರಿಗಳು ಹಲವಿವೆ: ತಿಂಗಳ ಸದಸ್ಯತ್ವ, ಲೈವ್‌ನಲ್ಲಿ ಸೂಪರ್ ಚಾಟ್, ವಿಡಿಯೊ ಕೆಳಗೆ ಸೂಪರ್ ಥ್ಯಾಂಕ್ಸ್, ಫೇಸ್‌ಬುಕ್ಕಿನ ಸ್ಟಾರ್, ಪೇಟ್ರಿಯಾನ್‌ನಂಥ ಹೊರಗಿನ ತಾಣ, ಇಲ್ಲವೇ ನೇರವಾಗಿ ನಿಮ್ಮದೇ ಕ್ಯೂಆರ್. ಎಲ್ಲವನ್ನೂ ಒಟ್ಟಿಗೆ ಶುರುಮಾಡಿದರೆ ನೋಡುಗರಿಗೆ ಗೊಂದಲ, ನಿಮಗೆ ಲೆಕ್ಕದ ತಲೆನೋವು. ಆಯ್ಕೆಗೆ ಕೂರುವ ಮುನ್ನ ಒಂದು ನೂರು ರೂಪಾಯಿಯ ಹಿಂದೆ ನಡೆದುಕೊಂಡು ಹೋಗಿ ನೋಡೋಣ.

ಯೂಟ್ಯೂಬ್‌ನಲ್ಲಿ ನೂರು ರೂಪಾಯಿಯ ದಾರಿ

ಸೂಪರ್ ಚಾಟ್, ಸೂಪರ್ ಸ್ಟಿಕರ್, ಸೂಪರ್ ಥ್ಯಾಂಕ್ಸ್, ಚಾನೆಲ್ ಸದಸ್ಯತ್ವ ನಾಲ್ಕಕ್ಕೂ ಯೂಟ್ಯೂಬ್ ಹಾಕಿರುವ ನಿಯಮ ಒಂದೇ: ನಿಮಗೆ ಶೇ 70, ಅದಕ್ಕೆ ಶೇ 30. ಇಷ್ಟು ಕೇಳಿದವರು ನೂರಕ್ಕೆ ಎಪ್ಪತ್ತು ಸಿಗುತ್ತದೆ ಎಂದುಕೊಳ್ಳುತ್ತಾರೆ. ತಪ್ಪುವುದು ಅಲ್ಲೇ. ಈ ಎಪ್ಪತ್ತು ನೋಡುಗ ಕೊಟ್ಟ ಮೊತ್ತದ ಮೇಲಲ್ಲ, ತೆರಿಗೆ ಕಳೆದು ಉಳಿದ ಮೊತ್ತದ ಮೇಲೆ.

ನೋಡುಗ ಕೊಟ್ಟ ನೂರರೊಳಗೆ ಶೇ 18 ಜಿಎಸ್‌ಟಿ ಸೇರಿಕೊಂಡಿದೆ. ಅದನ್ನು ಬಿಡಿಸಲು ನೂರರಿಂದ 18 ಕಳೆಯುವುದಲ್ಲ, ನೂರನ್ನು 1.18ರಿಂದ ಭಾಗಿಸಬೇಕು. ಬರುವುದು 84 ರೂಪಾಯಿ 75 ಪೈಸೆ. ಇದರಲ್ಲಿ ಶೇ 70 ಎಂದರೆ 59 ರೂಪಾಯಿ 32 ಪೈಸೆ. ಮಾಸ್ತರರ ಐವತ್ತೊಂಬತ್ತು ಬಂದದ್ದು ಹೀಗೆ. ಉಳಿದದ್ದರಲ್ಲಿ ಸುಮಾರು 15 ರೂಪಾಯಿ ಸರ್ಕಾರಕ್ಕೆ, 25 ರೂಪಾಯಿ ಯೂಟ್ಯೂಬ್‌ಗೆ. ಕಾರ್ಡ್ ಮತ್ತಿತರ ಪಾವತಿ ವೆಚ್ಚವನ್ನು ಯೂಟ್ಯೂಬ್ ತನ್ನ ಪಾಲಿನಲ್ಲೇ ಭರಿಸುತ್ತದೆ, ಅದು ನಿಮ್ಮ ತಲೆಗೆ ಬರುವುದಿಲ್ಲ.

ನೋಡುಗ ಐಫೋನಿನ ಆ್ಯಪ್‌ನಲ್ಲಿ ಕೊಟ್ಟರೆ ನಡುವೆ ಇನ್ನೊಂದು ಕೈ ಬರುತ್ತದೆ. ಆ್ಯಪಲ್‌ನ ಆ್ಯಪ್ ಸ್ಟೋರ್ ಶುಲ್ಕ ಮೊದಲು ಕಳೆಯುತ್ತದೆ, ಆಮೇಲೆ ಉಳಿದದ್ದರಲ್ಲಿ ನಿಮಗೆ ಎಪ್ಪತ್ತು. ಆ ಶುಲ್ಕವನ್ನು ವಾಡಿಕೆಯ ಶೇ 30 ಎಂದು ಹಿಡಿದರೆ 84.75 ಹೋಗಿ 59.32 ಆಗುತ್ತದೆ, ಅದರ ಎಪ್ಪತ್ತು ಭಾಗ 41 ರೂಪಾಯಿ 53 ಪೈಸೆ. ಒಬ್ಬನೇ ಅಭಿಮಾನಿ, ಒಂದೇ ನೂರು ರೂಪಾಯಿ. ಕೈಯಲ್ಲಿರುವ ಫೋನು ಯಾವುದು ಎಂಬುದರ ಮೇಲೆ ಹದಿನೆಂಟು ರೂಪಾಯಿ ವ್ಯತ್ಯಾಸ. ಬೆಂಗಳೂರು, ದುಬೈ, ಅಮೆರಿಕದ ನೋಡುಗರು ಹೆಚ್ಚಿರುವ ಚಾನೆಲ್‌ಗೆ ಇದು ಸಣ್ಣ ಮಾತಲ್ಲ. ಸದಸ್ಯತ್ವದ ಮಟ್ಟಿಗೆ ಇದಕ್ಕೆ ಸುಲಭದ ಪರಿಹಾರವಿದೆ: ಚಾನೆಲ್ಲಿನ ವಿಳಾಸದ ಕೊನೆಗೆ `/join` ಸೇರಿಸಿದ ಲಿಂಕನ್ನು ಕೊಟ್ಟು, ಐಫೋನಿನವರು ಬ್ರೌಸರ್‌ನಲ್ಲಿ ತೆರೆದು ಸೇರಲಿ ಎಂದು ಹೇಳಿ. ಒಮ್ಮೆ ಸೇರಿದ ಮೇಲೆ ಆ್ಯಪ್‌ನಲ್ಲೂ ಎಲ್ಲ ಸೌಲಭ್ಯ ಸಿಗುತ್ತದೆ.

ಅಮೆರಿಕದ ಕನ್ನಡಿಗರು ಕೊಡುವ ಹಣಕ್ಕೆ ಇನ್ನೊಂದು ಕಡಿತವಿದೆ. ಅಲ್ಲಿನ ನೋಡುಗರಿಂದ ಬಂದ ಗಳಿಕೆಯ ಮೇಲೆ ಅಮೆರಿಕದ ತೆರಿಗೆ ಹಿಡಿಯುತ್ತಾರೆ. ಯೂಟ್ಯೂಬ್ ಗಳಿಕೆ ನಿಮಗೆ ತಲುಪುವ ಗೂಗಲ್ ಖಾತೆಯಾದ ಆ್ಯಡ್‌ಸೆನ್ಸ್‌ನಲ್ಲಿ ತೆರಿಗೆ ಮಾಹಿತಿಯ ಅರ್ಜಿ ತುಂಬಿ ಭಾರತ–ಅಮೆರಿಕ ಒಪ್ಪಂದದ ಲಾಭ ಕೇಳಿದರೆ ಅದು ಶೇ 15. ಅರ್ಜಿಯನ್ನೇ ತುಂಬದೆ ಬಿಟ್ಟರೆ ಅಮೆರಿಕದ ನೋಡುಗರದ್ದಷ್ಟೇ ಅಲ್ಲ, ನಿಮ್ಮ ಒಟ್ಟು ಗಳಿಕೆಯ ಮೇಲೆಯೇ ಶೇ 24ರವರೆಗೆ ಹಿಡಿಯಬಹುದು. ಅರ್ಧ ಗಂಟೆಯ ಕೆಲಸ. ಮಾಸ್ತರರ ಚಾನೆಲ್‌ನಲ್ಲಿ ನಾನು ಮೊದಲು ಮಾಡಿದ್ದೇ ಇದನ್ನು.

ಹೋಲಿಕೆಗೆ ಜಾಹೀರಾತನ್ನೂ ಪಕ್ಕದಲ್ಲಿಟ್ಟು ನೋಡಿ. ದೊಡ್ಡ ವಿಡಿಯೊಗಳ ಜಾಹೀರಾತಿನಲ್ಲಿ ನಿಮಗೆ ಶೇ 55, ಶಾರ್ಟ್ಸ್‌ನಲ್ಲಿ ಹಂಚಿಕೆಗೆ ಬಂದ ಮೊತ್ತದ ಶೇ 45. ಪಾಲಿನ ಲೆಕ್ಕದಲ್ಲಿ ಸೂಪರ್ ಚಾಟ್ ಜಾಹೀರಾತಿಗಿಂತ ಮೇಲೇ. ಸಣ್ಣವರಿಗೆ ಇನ್ನೊಂದು ಅನುಕೂಲ, ಜಾಹೀರಾತಿಗಿಂತ ಮೊದಲೇ ಇದರ ಬಾಗಿಲು ತೆರೆಯುತ್ತದೆ. ಜಾಹೀರಾತಿನ ಪಾಲು ಸಿಗಲು 1000 ಚಂದಾದಾರರು ಮತ್ತು ಹಿಂದಿನ 12 ತಿಂಗಳಲ್ಲಿ 4000 ಗಂಟೆಯ ವೀಕ್ಷಣೆ ಬೇಕು. ಸದಸ್ಯತ್ವ, ಸೂಪರ್ ಚಾಟ್‌ಗೆ 500 ಚಂದಾದಾರರು, 3000 ಗಂಟೆ, ಹಿಂದಿನ 90 ದಿನಗಳಲ್ಲಿ ಮೂರು ವಿಡಿಯೊ ಇದ್ದರೆ ಸಾಕು. ಗಂಟೆಗಳ ಬದಲು ಶಾರ್ಟ್ಸ್ ವೀಕ್ಷಣೆಯ ದಾರಿಯೂ ಎರಡಕ್ಕೂ ಇದೆ. ಆದರೆ ಮಕ್ಕಳ ಪದ್ಯ, ಕತೆ ಹಾಕುವವರು ಗಮನಿಸಬೇಕು: "ಮಕ್ಕಳಿಗಾಗಿ ಮಾಡಿದ್ದು" ಎಂದು ಗುರುತಿಸಿದ ಚಾನೆಲ್‌ಗೆ ಸದಸ್ಯತ್ವವೂ ಇಲ್ಲ, ಸೂಪರ್ ಚಾಟೂ ಇಲ್ಲ. ಅವರಿಗೆ ಮುಂದೆ ಹೇಳುವ ನೇರ ದಾರಿಯೊಂದೇ ಉಳಿಯುವುದು.

ಗಿಫ್ಟ್ ಮತ್ತು ಸ್ಟಾರ್: ರೂಪಾಯಿ ಕಣ್ಮರೆಯಾಗುವ ಜಾಗ

ಲೈವ್ ಗಿಫ್ಟ್‌ಗಳ ವ್ಯವಸ್ಥೆಯಲ್ಲಿ ನೋಡುಗ ರೂಪಾಯಿ ಕೊಟ್ಟು ಮೊದಲು ನಾಣ್ಯ ಕೊಳ್ಳುತ್ತಾನೆ, ನಾಣ್ಯದಿಂದ ಗುಲಾಬಿಯೋ ಸಿಂಹವೋ ಕೊಳ್ಳುತ್ತಾನೆ, ಅದು ನಿಮ್ಮ ಕಡೆ ವಜ್ರವಾಗಿ ಬರುತ್ತದೆ, ವಜ್ರ ಕೊನೆಗೆ ಹಣವಾಗುತ್ತದೆ. ಪ್ರತಿ ಮೆಟ್ಟಿಲಲ್ಲೂ ದರ ಬೇರೆ. ಕೊಟ್ಟವನಿಗೆ ಎಷ್ಟು ಕೊಟ್ಟೆ ಎಂಬುದು ಮರೆಯುತ್ತದೆ, ಪಡೆದವನಿಗೆ ಎಷ್ಟು ಬರಬೇಕಿತ್ತು ಎಂಬುದು ತಿಳಿಯುವುದಿಲ್ಲ.

ಟಿಕ್‌ಟಾಕ್ ಭಾರತದಲ್ಲಿ 2020ರ ಜೂನ್ 29ರಿಂದ ನಿಷೇಧವಾಗಿದೆ. ಹೊರದೇಶದಲ್ಲಿರುವ ಕನ್ನಡಿಗರು ಅದರಲ್ಲಿ ಲೈವ್ ಮಾಡುವುದುಂಟು. ಅಲ್ಲಿನ ಕಡಿತ ಹೇಗಿರಬಹುದು ಎಂಬುದಕ್ಕೆ 2022ರಲ್ಲಿ ಬಿಬಿಸಿ ಮಾಡಿದ ಪರೀಕ್ಷೆ ನೋಡಿ. ಸಿರಿಯಾದ ನಿರಾಶ್ರಿತರ ಶಿಬಿರಗಳಿಂದ ಕುಟುಂಬಗಳು ಲೈವ್ ಕೂತು ಗಿಫ್ಟ್ ಬೇಡುತ್ತಿದ್ದ ಹೊತ್ತದು. ವರದಿಗಾರರು ತಮ್ಮದೇ ಎರಡು ಖಾತೆಗಳನ್ನಿಟ್ಟುಕೊಂಡು, ಒಂದರಿಂದ ಇನ್ನೊಂದಕ್ಕೆ 106 ಡಾಲರಿನ ಗಿಫ್ಟ್ ಕಳಿಸಿದರು. ಲೈವ್ ಮುಗಿದಾಗ ಪಡೆದ ಖಾತೆಯಲ್ಲಿದ್ದದ್ದು 33 ಡಾಲರ್. ಈ ವರದಿಯ ಸುದ್ದಿಗಿಂತ ಅದರ ವಿಧಾನ ನನಗೆ ದೊಡ್ಡದು. ಯಾವ ತಾಣವಾದರೂ ಸರಿ, ಅದರ ಪುಟದಲ್ಲಿ ಬರೆದ ಶೇಕಡಾವಾರನ್ನು ನಂಬಿ ಕೂರುವ ಬದಲು ತಮ್ಮನ ಫೋನಿನಿಂದ ಒಂದೇ ಒಂದು ಸಲ ಸಣ್ಣ ಮೊತ್ತ ಕಳಿಸಿ. ಅವನ ಖಾತೆಯಿಂದ ಹೋದದ್ದು ಎಷ್ಟು, ನಿಮ್ಮ ಖಾತೆಯಲ್ಲಿ ಕಂಡದ್ದು ಎಷ್ಟು, ಎರಡನ್ನೂ ಬರೆದಿಟ್ಟುಕೊಳ್ಳಿ. ಅದೇ ನಿಮ್ಮ ನಿಜವಾದ ದರ.

ಫೇಸ್‌ಬುಕ್ ಸ್ಟಾರ್ ಇದಕ್ಕಿಂತ ತುಸು ತೆರೆದ ಲೆಕ್ಕ. ಒಂದು ಸ್ಟಾರ್‌ಗೆ ನಿಮಗೆ ಅಮೆರಿಕದ ಒಂದು ಸೆಂಟ್, ಅಂದರೆ 100 ಸ್ಟಾರ್‌ಗೆ ಒಂದು ಡಾಲರ್. ಕಡಿತ ಅಡಗಿರುವುದು ನೋಡುಗ ಸ್ಟಾರ್ ಕೊಳ್ಳುವ ಬೆಲೆಯಲ್ಲಿ. ಆರಂಭದ ದಿನಗಳಲ್ಲಿ 100 ಸ್ಟಾರಿನ ಕಟ್ಟಿಗೆ ಅಮೆರಿಕದಲ್ಲಿ 1.40 ಡಾಲರ್ ಇತ್ತು. ದೊಡ್ಡ ಕಟ್ಟು ಕೊಂಡರೆ ಸ್ಟಾರಿಗೆ ಬೀಳುವ ಬೆಲೆ ತುಸು ಇಳಿಯುತ್ತದೆ, ಇಳಿದ ಲಾಭ ನೋಡುಗನಿಗೆ, ನಿಮಗೆ ಬರುವುದು ಅದೇ ಸೆಂಟ್. ಊರಿನ ಹಿರಿಯರು ಇನ್ನೂ ಫೇಸ್‌ಬುಕ್ಕಿನಲ್ಲೇ ಇದ್ದಾರೆ ಎನ್ನುವವರಿಗೆ ಸ್ಟಾರ್ ಇರಲಿ. ಹೊಸದಾಗಿ ಶುರುಮಾಡುವವರಿಗೆ ನಾನು ಇದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ಸ್ಟಾರ್ ಕೊಳ್ಳುವುದನ್ನು ಹಿರಿಯರಿಗೆ ಕಲಿಸುವ ಹೊತ್ತಿಗೆ ಅವರು ಆಗಲೇ ಬಲ್ಲ ಫೋನ್‌ಪೇಯಲ್ಲಿ ಕೊಟ್ಟು ಮುಗಿಸಿರುತ್ತಾರೆ.

ಕ್ಯೂಆರ್: ಕಡಿತವಿಲ್ಲ, ಕೆಲಸವಿದೆ

ಯುಪಿಐ ಪಾವತಿಗೆ 2020ರ ಜನವರಿ 1ರಿಂದ ವ್ಯಾಪಾರಿ ಶುಲ್ಕ ಇಲ್ಲ. ನೋಡುಗ ಬ್ಯಾಂಕ್ ಖಾತೆಯಿಂದ ನೂರು ಕಳಿಸಿದರೆ ನಿಮಗೆ ನೂರೂ ಬರುತ್ತದೆ, ಅದೂ ಆ ಕ್ಷಣಕ್ಕೆ. ಆ್ಯಡ್‌ಸೆನ್ಸ್‌ನಲ್ಲಿ ನೂರು ಡಾಲರ್ ಸೇರುವ ತನಕ ಕಾಯಬೇಕು, ಸೇರಿದ ಮೇಲೂ ಮುಂದಿನ ತಿಂಗಳ 21ರಿಂದ 26ರೊಳಗೆ ಹೊರಡುತ್ತದೆ, ಡಾಲರನ್ನು ರೂಪಾಯಿ ಮಾಡುವಾಗ ಬ್ಯಾಂಕ್ ತನ್ನ ದರ ಹಾಕುತ್ತದೆ. ಆಟ ಮುಗಿದ ಬೆಳಿಗ್ಗೆಯೇ ಟೆಂಪೋ ಬಾಡಿಗೆ, ಮೈಕ್‌ಸೆಟ್‌ನವನ ಹಣ ಕೊಡಬೇಕಾದವರಿಗೆ ಈ ಕಾಯುವಿಕೆಯೇ ದೊಡ್ಡ ಕಡಿತ.

ಹಾಗಿದ್ದರೆ ಎಲ್ಲರೂ ಕ್ಯೂಆರ್ ಹಾಕಿಬಿಡಬಹುದಲ್ಲ? ಮಾಸ್ತರರ ಲೈವ್‌ನಲ್ಲಿ ನಾವು ಹಾಕಿ ನೋಡಿದೆವು. ಮೊದಲ ಆಟದಲ್ಲೇ ತಿಳಿದದ್ದು, ಆಯೇರಿಯ ಅರ್ಧ ಸುಖ ಹೆಸರು ಕೂಗುವುದರಲ್ಲಿದೆ. ಸೂಪರ್ ಚಾಟ್‌ನಲ್ಲಿ ಹೆಸರು ತಾನಾಗಿ ಪರದೆಗೆ ಬರುತ್ತದೆ, ಹೆಚ್ಚು ಕೊಟ್ಟಷ್ಟು ಹೊತ್ತು ಮೇಲೆ ನಿಲ್ಲುತ್ತದೆ, ಅತಿ ದೊಡ್ಡ ಮೊತ್ತಕ್ಕೆ ಐದು ಗಂಟೆಯವರೆಗೂ. ಕ್ಯೂಆರ್‌ಗೆ ಹಣ ಬಿದ್ದರೆ ಲೈವ್ ನೋಡುತ್ತಿರುವ ಯಾರಿಗೂ ಗೊತ್ತಾಗುವುದಿಲ್ಲ. ಹಾರ್ಮೋನಿಯಂ ಪಕ್ಕ ಸೌಂಡ್‌ಬಾಕ್ಸ್ ಇಟ್ಟೆವು. ಅದು ಮೊತ್ತ ಹೇಳುತ್ತದೆ, ಹೆಸರು ಹೇಳುವುದಿಲ್ಲ. ಭೀಮನ ಪಾತ್ರಧಾರಿ ಗದೆ ಎತ್ತಿದ ಹೊತ್ತಿಗೇ ಸರಿಯಾಗಿ "ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದಿತು. ಆ ರಾತ್ರಿಯೇ ಅದನ್ನು ತೆಗೆದೆವು. ಈಗ ಮಾಸ್ತರರ ಮೊಮ್ಮಗ ಫೋನ್ ಹಿಡಿದು ವೇದಿಕೆಯ ಬದಿಗೆ ಕೂರುತ್ತಾನೆ. ಹಣ ಬಂದಂತೆ ಹೆಸರು, ಮೊತ್ತವನ್ನು ಚೀಟಿಯಲ್ಲಿ ಬರೆಯುತ್ತಾನೆ, ಪದ ಮುಗಿದಾಗ ಚೀಟಿ ಮೈಕಿನವರ ಕೈಗೆ ಹೋಗುತ್ತದೆ. ಲೈವ್ ಕೆಲವು ಸೆಕೆಂಡು ತಡವಾಗಿ ತಲುಪುವುದರಿಂದ "ನನ್ನ ಹೆಸರು ಬರಲಿಲ್ಲ" ಎಂಬ ಕಮೆಂಟು ಒಂದೆರಡು ಬಂದೇ ಬರುತ್ತವೆ. ಅವನ್ನು ನೋಡಿಕೊಳ್ಳಲೂ ಒಬ್ಬರು ಬೇಕು.

ಎರಡನೆಯ ಪಾಠ ಕಹಿಯಾದದ್ದು. ನಾವು ಬಲ ಮೂಲೆಯಲ್ಲಿ ಸಣ್ಣ ಕ್ಯೂಆರ್ ಹಾಕಿದ್ದೆವು. ಯಾರೋ ಅದೇ ಲೈವ್ ಅನ್ನು ತಮ್ಮ ಪೇಜಿನಲ್ಲಿ ಬಿಟ್ಟು, ಆ ಮೂಲೆಯ ಮೇಲೆ ತಮ್ಮ ಕ್ಯೂಆರ್ ಅಂಟಿಸಿದ್ದರು. ಮೂವರು ಹಣ ಕಳಿಸಿದ ಸ್ಕ್ರೀನ್‌ಶಾಟ್ ಹಾಕಿ ಹೆಸರು ಕೂಗಿಲ್ಲವೆಂದು ಬೇಸರ ಮಾಡಿಕೊಂಡಾಗ, ಆ ಹಣ ನಮ್ಮ ಖಾತೆಗೆ ಬಂದೇ ಇಲ್ಲ ಎಂದು ಗೊತ್ತಾಯಿತು. ಅಂದಿನಿಂದ ಯಾರ ಹೆಸರಿನ ಖಾತೆ ಎಂಬುದನ್ನು ಮೈಕಿನಲ್ಲಿ ಗಂಟೆಗೊಮ್ಮೆ ಹೇಳುತ್ತೇವೆ: "ಕಳಿಸುವ ಮೊದಲು ಈ ಹೆಸರು ಬಂತೇನು ನೋಡ್ರಿ, ಬರದಿದ್ದರ ಕಳಿಸಬ್ಯಾಡ್ರಿ." ಕ್ಯೂಆರ್ ಹಾಕುವವರು ಮನೆಖರ್ಚಿನ ಖಾತೆಯನ್ನು ಎಂದೂ ಜೋಡಿಸಬೇಡಿ. ಗುರುತಿಲ್ಲದ ನೂರಾರು ಜನರಿಂದ ಹಣ ಬರುವಾಗ ಅದರಲ್ಲೊಂದು ವಂಚನೆಯ ಹಣವಾಗಿದ್ದರೆ, ದೂರಿನ ಮೇಲೆ ಬ್ಯಾಂಕ್ ಆ ಖಾತೆಯನ್ನು ತಡೆಹಿಡಿಯಬಹುದು. ಪ್ರತ್ಯೇಕ ಖಾತೆ, ಫೋನ್ ನಂಬರ್ ಇಲ್ಲದ ಯುಪಿಐ ಐಡಿ, ಇವೆರಡು ಮೊದಲು ಮಾಡಿಕೊಳ್ಳಿ.

ತೆರಿಗೆಯವರಿಗೆ ಕಾಣುವುದಿಲ್ಲ ಎಂದು ಯಾರೂ ಕ್ಯೂಆರ್ ಹಾಕಬಾರದು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಬೇಕರಿ, ಚಹಾದಂಗಡಿಗಳವರು ಕ್ಯೂಆರ್ ಫಲಕ ಕಿತ್ತಿಟ್ಟದ್ದು ನೆನಪಿರಬಹುದು. ಸೇವೆಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷದ ವಹಿವಾಟು. ಯೂಟ್ಯೂಬ್‌ನಿಂದ ಬಂದದ್ದು, ಕ್ಯೂಆರ್‌ಗೆ ಬಿದ್ದದ್ದು ಎರಡೂ ಆ ಮೊತ್ತಕ್ಕೆ ಸೇರುತ್ತವೆ. ಆದಾಯ ತೆರಿಗೆಯಲ್ಲೂ "ಅಭಿಮಾನಿಗಳು ಪ್ರೀತಿಯಿಂದ ಕೊಟ್ಟದ್ದು" ಎಂದು ಬಿಡುವಂತಿಲ್ಲ. ಆಡಿ, ಹಾಡಿ, ಕಲಿಸಿ ಪಡೆದದ್ದು ಆದಾಯವೇ.

ಈಗ ಎರಡನ್ನೂ ತಕ್ಕಡಿಗೆ ಹಾಕೋಣ. ತಿಂಗಳಿಗೆ ನಾಲ್ಕು ಲೈವ್, ಪ್ರತಿಯೊಂದಕ್ಕೆ ನಲವತ್ತು ಸೂಪರ್ ಚಾಟ್, ಒಂದಕ್ಕೆ ಸರಾಸರಿ ಅರವತ್ತು ರೂಪಾಯಿ ಎಂದು ಹಿಡಿಯಿರಿ. ಮಂದಿ ಕೊಟ್ಟದ್ದು 9600. ಐದರಲ್ಲಿ ಒಂದು ಪಾಲು ಐಫೋನಿನಿಂದ ಬಂದರೆ ನಿಮ್ಮ ಕೈಗೆ ಸುಮಾರು 5350. ಅಂದರೆ ಅದೇ ನೋಡುಗರು ಕ್ಯೂಆರ್‌ಗೆ 5350 ರೂಪಾಯಿ ಹಾಕಿದರೂ ಎರಡೂ ಸಮ. ಎಲ್ಲರೂ ಬದಲಾಗಬೇಕಿಲ್ಲ, ಕೊಡುವ ಹಣದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಶೇ 56ರಷ್ಟು ಕ್ಯೂಆರ್ ಕಡೆ ಬಂದರೆ ನಿಮಗೆ ನಷ್ಟವಿಲ್ಲ. ಊರಿನ ನೋಡುಗರೇ ಹೆಚ್ಚಿರುವ ಚಾನೆಲ್‌ನಲ್ಲಿ ಇದು ಸಾಧ್ಯ. ಗಲ್ಫ್, ಅಮೆರಿಕದ ನೋಡುಗರೇ ಹೆಚ್ಚಿದ್ದರೆ ಕಷ್ಟ, ಅವರಲ್ಲಿ ಬಹುಪಾಲು ಜನರ ಬಳಿ ಯುಪಿಐ ಇರುವುದಿಲ್ಲ. ಯೂಟ್ಯೂಬ್ ಸ್ಟುಡಿಯೊದಲ್ಲಿ ನೋಡುಗರ ದೇಶ ಯಾವುದು, ಎಷ್ಟು ಪಾಲು ಎಂಬುದು ಸಿಗುತ್ತದೆ. ನಿರ್ಧಾರಕ್ಕೆ ಮುನ್ನ ಆ ಪುಟ ತೆರೆಯಿರಿ.

ಸದಸ್ಯತ್ವ: ಬರುವವರಿಗಿಂತ ಹೋಗುವವರನ್ನು ಎಣಿಸಿ

ಸ್ಪರ್ಧಾತ್ಮಕ ಪರೀಕ್ಷೆಗೆ ಪಾಠ ಮಾಡುವ ಗೆಳೆಯರೊಬ್ಬರಿದ್ದಾರೆ. ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಅವರ ನೋಡುಗರು. ಅವರಿಗೆ ಆಯೇರಿ ಹೊಂದುವುದಿಲ್ಲ. ಕೊಡುವವನು ಖುಷಿಗೆ ಕೊಡುತ್ತಿಲ್ಲ, ದಿನವೂ ಪಾಠ ಬೇಕೆಂದು ಕೊಡುತ್ತಾನೆ. ಅಲ್ಲಿ ಸರಿಹೊಂದುವುದು ತಿಂಗಳ ಸದಸ್ಯತ್ವ.

59 ರೂಪಾಯಿಯ ಸದಸ್ಯತ್ವ ಲೆಕ್ಕಕ್ಕೆ ಸುಲಭ. ಅದರಲ್ಲಿ ಜಿಎಸ್‌ಟಿ 9, ಉಳಿದದ್ದು 50. ಶೇ 70ರಂತೆ ನಿಮಗೆ 35. ಮುನ್ನೂರು ಸದಸ್ಯರಿದ್ದರೆ ತಿಂಗಳಿಗೆ 10,500. ಇದನ್ನೇ ಪೇಮೆಂಟ್ ಗೇಟ್‌ವೇ ಮೂಲಕ ನೇರವಾಗಿ ವಸೂಲಿ ಮಾಡಿದರೆ ಗೇಟ್‌ವೇಯ ಶೇ 2 ಮತ್ತು ಆ ಶುಲ್ಕದ ಮೇಲಿನ ಜಿಎಸ್‌ಟಿ ಸೇರಿ ಒಂದೂವರೆ ರೂಪಾಯಿಗಿಂತ ಕಡಿಮೆ ಹೋಗುತ್ತದೆ, ಸುಮಾರು 57.60 ನಿಮಗೆ. 183 ಜನ ನೇರವಾಗಿ ಕೊಟ್ಟರೆ ಯೂಟ್ಯೂಬ್‌ನ 300 ಜನರ ಹಣಕ್ಕೆ ಸಮ. ಕಾಗದದ ಮೇಲೆ ನೇರ ದಾರಿಯೇ ಗೆಲ್ಲುತ್ತದೆ.

ಗೆಳೆಯರು ಹಾಗೇ ನಂಬಿ ಒಮ್ಮೆ ನೇರ ವಸೂಲಿಗೆ ಇಳಿದರು. ಮೊದಲ ತಿಂಗಳೇ ಒಂದು ಗೇಟ್‌ವೇ ಕಂಪನಿ ದಾಖಲೆ ಸರಿಯಿಲ್ಲವೆಂದು ಮೂರು ವಾರ ಹಣ ತಡೆದಿಟ್ಟಿತು. ಆಮೇಲೆ ಬಂದದ್ದು ದಿನನಿತ್ಯದ ಕಾಟ. ಹಣ ಕೊಟ್ಟವರನ್ನು ಟೆಲಿಗ್ರಾಂ ಗುಂಪಿಗೆ ಸೇರಿಸಬೇಕು, ತಿಂಗಳು ಮುಗಿದು ಕೊಡದವರನ್ನು ತೆಗೆಯಬೇಕು, ಒಬ್ಬ ಸೇರಿ ನಾಲ್ಕು ಜನಕ್ಕೆ ಪಿಡಿಎಫ್ ಹಂಚುವುದನ್ನು ಹಿಡಿಯಬೇಕು. ರಾತ್ರಿ ಹನ್ನೊಂದಕ್ಕೆ "ಸರ್, ರೊಕ್ಕ ಕಟ್ ಆಗೇತಿ, ಗ್ರೂಪಿಗೆ ಹಾಕಿಲ್ಲ" ಎಂಬ ಮೆಸೇಜು. ಯೂಟ್ಯೂಬ್ ತನ್ನ ಶೇ 30ಕ್ಕೆ ಮಾಡುವ ಕೆಲಸ ಇದೇ. ಯಾರು ಕೊಟ್ಟರು, ಯಾರು ನೋಡಬಹುದು, ಯಾರ ಅವಧಿ ಮುಗಿಯಿತು ಎಂಬುದನ್ನು ಅದು ತಾನೇ ನೋಡಿಕೊಳ್ಳುತ್ತದೆ. ಮುನ್ನೂರು ಜನರ ಲೆಕ್ಕಕ್ಕೆ ಆ ಕಡಿತ ದುಬಾರಿಯಲ್ಲ ಎಂದು ನನಗೆ ಆಗ ಅನಿಸಿತು. ಮೂರು ಸಾವಿರ ಜನರಾದರೆ ಅಭಿಪ್ರಾಯ ಬದಲಾಗುತ್ತದೆ. ಆಗ ಕಡಿತದ ಹಣದಲ್ಲೇ ಸಂಬಳಕ್ಕೆ ಒಬ್ಬರನ್ನಿಡಬಹುದು.

ಎರಡೂ ದಾರಿಯಲ್ಲಿ ಸೋರಿಕೆ ಒಂದಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ, ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಯಲ್ಲಿ 24 ಗಂಟೆ ಮೊದಲೇ ಗ್ರಾಹಕನಿಗೆ ಸೂಚನೆ ಹೋಗಬೇಕು. ಗ್ರಾಹಕನ ಮಟ್ಟಿಗೆ ಒಳ್ಳೆಯ ನಿಯಮ. ನಿಮ್ಮ ಮಟ್ಟಿಗೆ ಅದು ಪ್ರತಿ ತಿಂಗಳೂ "ಇದು ಇನ್ನೂ ಬೇಕಾ" ಎಂದು ಕೇಳಿದ ಹಾಗೆ. ಅದರ ಮೇಲೆ ವಿದ್ಯಾರ್ಥಿಗಳ ಖಾತೆಯಲ್ಲಿ ಆ ದಿನ ಹಣ ಇಲ್ಲದಿದ್ದರೆ ಕಡಿತವೇ ಆಗುವುದಿಲ್ಲ. ಮುನ್ನೂರರಲ್ಲಿ ತಿಂಗಳಿಗೆ ಹತ್ತರಲ್ಲೊಬ್ಬರು ಬಿಟ್ಟರೂ ಮೂವತ್ತು ಹೊಸಬರು ಬಂದರಷ್ಟೇ ಇದ್ದಲ್ಲೇ ನಿಲ್ಲುತ್ತೀರಿ. ಪರೀಕ್ಷೆ ಮುಗಿದ ತಿಂಗಳು ಬಿಡುವವರು ಹತ್ತರಲ್ಲೊಬ್ಬರಿಗೆ ನಿಲ್ಲುವುದಿಲ್ಲ. ಆದ್ದರಿಂದ ಸದಸ್ಯತ್ವದ ಪುಟದಲ್ಲಿ ಒಟ್ಟು ಸಂಖ್ಯೆಯನ್ನು ನೋಡಿ ಹಿಗ್ಗುವ ಮುನ್ನ, ರದ್ದು ಮಾಡಿದವರ ಸಂಖ್ಯೆಯನ್ನೂ ಅವರು ಕೊಟ್ಟ ಕಾರಣವನ್ನೂ ಓದಿ. "ಹೇಳಿದ ಸೌಲಭ್ಯ ಸಿಗಲಿಲ್ಲ" ಎಂಬ ಕಾರಣ ಹೆಚ್ಚುತ್ತಿದ್ದರೆ ತಪ್ಪು ದರದಲ್ಲಿಲ್ಲ, ಮಾತಿನಲ್ಲಿದೆ.

ಸದಸ್ಯರಿಗೆ ಏನು ಕೊಡುತ್ತೇನೆ ಎಂದು ಬರೆಯುವಾಗ ಕೈ ಹಿಡಿಯಬೇಕು. ಗೆಳೆಯರು ಮೊದಲು ಬರೆದದ್ದು "ಪ್ರತಿದಿನ ಸದಸ್ಯರಿಗಷ್ಟೇ ಲೈವ್". ಎರಡು ತಿಂಗಳಲ್ಲಿ ಗಂಟಲು ಕೂತಿತು, ಎಲ್ಲರಿಗೂ ತೆರೆದ ವಿಡಿಯೊಗಳು ಕಡಿಮೆಯಾದವು, ಅವು ಕಡಿಮೆಯಾದ ಮೇಲೆ ಹೊಸ ಸದಸ್ಯರು ಬರುವುದೂ ನಿಂತಿತು. ಈಗ ಹೇಗೂ ಮಾಡುವ ಪಾಠದ ಟಿಪ್ಪಣಿಯನ್ನು ಸದಸ್ಯರಿಗೆ ಹಾಕುತ್ತಾರೆ, ವಾರಕ್ಕೊಂದು ಪ್ರಶ್ನೋತ್ತರ ಇಟ್ಟಿದ್ದಾರೆ. ಅಷ್ಟಕ್ಕೇ ಜನ ಉಳಿದಿದ್ದಾರೆ.

ಸೂಪರ್ ಥ್ಯಾಂಕ್ಸ್ ಮತ್ತು ಹೊರಗಿನ ತಾಣಗಳು

ಲೈವ್ ಮಾಡದವರಿಗೆ, ದಿನವೂ ವಿಡಿಯೊ ಹಾಕದವರಿಗೆ ಸೂಪರ್ ಥ್ಯಾಂಕ್ಸ್ ಇದೆ. ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ರಿಪೇರಿಯನ್ನೋ ಪಹಣಿ ತಿದ್ದುಪಡಿಗೆ ಅರ್ಜಿ ಹಾಕುವುದನ್ನೋ ಬಿಡಿಸಿ ಹೇಳಿದ ವಿಡಿಯೊ ಯಾರದೋ ಒಂದು ದಿನದ ಅಲೆದಾಟ ಉಳಿಸುತ್ತದೆ. ಅಂಥವರು ಆ ಕ್ಷಣಕ್ಕೆ ಐವತ್ತು ರೂಪಾಯಿ ಕೊಡಲು ಸಿದ್ಧರಿರುತ್ತಾರೆ, ತಿಂಗಳ ಸದಸ್ಯರಾಗಲು ಅಲ್ಲ. ಪಾಲು ಸೂಪರ್ ಚಾಟ್‌ನದೇ. ಹಾಡಿನ ತುಣುಕು ಹಾಕಿ ಕಂಟೆಂಟ್ ಐಡಿ ಹಕ್ಕುದಾವೆ ಬಂದ ವಿಡಿಯೊದಲ್ಲಿ ಮಾತ್ರ ಥ್ಯಾಂಕ್ಸ್ ಗುಂಡಿ ಇರುವುದಿಲ್ಲ. ರಿಪೇರಿಯ ವಿಡಿಯೊಗೆ ಸಿನಿಮಾ ಹಾಡು ಬೇಡ ಎನ್ನಲು ಇದೊಂದೇ ಕಾರಣ ಸಾಕು.

ಪೇಟ್ರಿಯಾನ್ 2025ರ ಆಗಸ್ಟ್‌ನಿಂದ ಹೊಸಬರಿಗೆ ಶೇ 10 ಹಿಡಿಯುತ್ತದೆ, ಪಾವತಿ ವೆಚ್ಚ ಬೇರೆ, ಐಫೋನ್ ಆ್ಯಪ್‌ನಲ್ಲಿ ಸೇರಿದವರ ಮೇಲೆ ಆ್ಯಪಲ್ ಶುಲ್ಕವೂ ಬೇರೆ. ಕಡಿತ ಕಡಿಮೆ ಕಂಡರೂ ಕನ್ನಡದ ನೋಡುಗರಲ್ಲಿ ಡಾಲರ್ ಕಾರ್ಡ್ ಇರುವವರು ಹೊರದೇಶದವರೇ. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ, ಅದನ್ನೇ ನೆಚ್ಚಿದ ಟಿಪ್ ತಾಣಗಳು ಹುಬ್ಬಳ್ಳಿಯಿಂದ ಹಾವೇರಿಗೆ ಹಣ ಕಳಿಸಲು ಉಪಯೋಗಕ್ಕಿಲ್ಲ. ಹೊರನಾಡ ಕನ್ನಡಿಗರಿಗಾಗಿ ಪಾಡ್‌ಕಾಸ್ಟ್ ಮಾಡುವವರು ಪೇಟ್ರಿಯಾನ್ ನೋಡಬಹುದು. ಅದರಲ್ಲಿ ನಿಮ್ಮನ್ನು ಬೆಂಬಲಿಸುವವರ ಇಮೇಲ್ ಪಟ್ಟಿ ನಿಮ್ಮ ಕೈಗೇ ಸಿಗುತ್ತದೆ. ಯೂಟ್ಯೂಬ್ ಸದಸ್ಯರ ಹೆಸರಷ್ಟೇ ತೋರಿಸುತ್ತದೆ. ಚಾನೆಲ್ ನಾಳೆ ನಿಂತರೆ ಆ ಮುನ್ನೂರು ಜನರನ್ನು ಮತ್ತೆ ಹುಡುಕುವ ದಾರಿ ನಿಮಗಿಲ್ಲ. ಗೆಳೆಯರು ಅದಕ್ಕೇ, ಯೂಟ್ಯೂಬ್ ಸದಸ್ಯತ್ವಕ್ಕೆ ಮರಳಿದ ಮೇಲೂ ಟಿಪ್ಪಣಿ ಬೇಕಾದವರ ಫೋನ್ ನಂಬರನ್ನು ಅವರ ಒಪ್ಪಿಗೆಯ ಮೇಲೆ ಬರೆದಿಟ್ಟುಕೊಳ್ಳುತ್ತಾರೆ.

ಮಾಸ್ತರರು ಈಗ ಎರಡನ್ನೇ ಇಟ್ಟುಕೊಂಡಿದ್ದಾರೆ. ಊರಿನವರಿಗೆ ಕ್ಯೂಆರ್, ಹೊರಗಿನವರಿಗೆ ಸೂಪರ್ ಚಾಟ್. ಸದಸ್ಯತ್ವ ಬೇಡವೆಂದರು. "ಆಟ ಇಲ್ಲದ ಮಳೆಗಾಲದಾಗ ಮಂದಿ ರೊಕ್ಕ ಯಾಕ ತಗೋಬೇಕು?" ಎಂದು ಕೇಳಿದರು, ನನ್ನಲ್ಲಿ ಉತ್ತರವಿರಲಿಲ್ಲ. ಅವರ ನೋಟ್‌ಬುಕ್ಕಿನಲ್ಲಿ ಪ್ರತಿ ಆಟಕ್ಕೆ ಎರಡು ಸಾಲು ಗೆರೆ ಹಾಕಿದೆ. ಎಡಕ್ಕೆ ಮಂದಿ ಕೊಟ್ಟದ್ದು, ಬಲಕ್ಕೆ ಕೈಗೆ ಬಂದದ್ದು. ತಿಂಗಳ ಕೊನೆಗೆ ಪಾತ್ರಧಾರಿಗಳು, ಮದ್ದಳೆಯವರು, ಬಣ್ಣ ಹಚ್ಚುವವರು ಕೂತಾಗ ಎರಡನ್ನೂ ಓದಿ ಹೇಳುತ್ತಾರೆ, ಬಲಗಡೆಯದನ್ನು ಹಂಚುತ್ತಾರೆ.